ಆಫರ್ ಬಿಡುವಾಗ ಮೊದಲು ಫೋನ್, ಆಮೇಲೆ ಮೇಲ್

ಒಂದು ಕಂಪನಿಯ ಆಫರ್‌ಗೆ ಸಹಿ ಹಾಕಿದ ದಿನವೇ ಇನ್ನೊಂದಕ್ಕೆ ತಿಳಿಸಿಬಿಡಿ. ನೀವು ತಡಮಾಡಿದಷ್ಟೂ ಅವರ ಪಟ್ಟಿಯಲ್ಲಿ ಎರಡನೆಯವರಾಗಿದ್ದ ಅಭ್ಯರ್ಥಿಯೂ ಕೈತಪ್ಪುತ್ತಾರೆ. ಎಚ್‌ಆರ್‌ನವರ ಸಿಟ್ಟಿಗೆ ಇದೂ ಒಂದು ಕಾರಣ. ಮೊದಲು ಫೋನ್ ಮಾಡಿ, ಬಳಿಕ ಮೇಲ್ ಕಳಿಸಿ: ‘ನಿಮ್ಮ ಆಫರ್‌ಗೆ ಧನ್ಯವಾದ. ನನ್ನ ಅನುಭವಕ್ಕೆ ಹೆಚ್ಚು ಹೊಂದುವ ಬೇರೊಂದು ಹುದ್ದೆ ಒಪ್ಪಿಕೊಂಡಿದ್ದೇನೆ. ಸಂದರ್ಶನ ಮಾಡಿದ ತಂಡಕ್ಕೂ ನನ್ನ ವಂದನೆ ತಿಳಿಸಿ.’ ಇಷ್ಟು ಸಾಕು. ಅಮ್ಮನಿಗೆ ಹುಷಾರಿಲ್ಲ ಎಂಬ ಕಥೆ ಕಟ್ಟಬೇಡಿ. ಲಿಂಕ್ಡ್‌ಇನ್‌ನಲ್ಲಿ ಹೊಸ ಕೆಲಸ ಹಾಕಿದ ದಿನ ಅದು ಬಯಲಾಗುತ್ತದೆ. ‘ಅಲ್ಲಿ ಎಷ್ಟು ಕೊಡ್ತಾರೆ? ನಾವೂ ಕೊಡ್ತೀವಿ’ ಎಂದರೆ ಚೌಕಾಸಿಗೆ ಇಳಿಯದೆ, ‘ತೀರ್ಮಾನ ಆಗಿದೆ ಸರ್’ ಅನ್ನಿ. ಇವರ ಆಫರ್‌ಗೂ ಮೊದಲೇ ಸಹಿ ಹಾಕಿದ್ದರೆ, ಫೋನ್ ಮಾಡುವ ಮುನ್ನ ಅದರ ಷರತ್ತುಗಳನ್ನು ಓದಿಕೊಳ್ಳಿ. ಮುಂಗಡವಾಗಿ ಪಡೆದ ಬೋನಸ್ ವಾಪಸ್ ಕೊಡಬೇಕಾಗಬಹುದು.