ಒಂದು ವ್ಯವಹಾರಕ್ಕೆ ಎರಡು ಖಾತೆ ಯಾಕೆ?

ಇವತ್ತು ಲೆಕ್ಕ ಬರೆಯೋದರ ಬಗ್ಗೆ ಮಾತಾಡೋಣ. ಕಾಮರ್ಸ್ ಓದಿಲ್ಲ ಅಂದ್ರೂ ಪರವಾಗಿಲ್ಲ, ಒಂದು ಜ್ಯೂಸ್ ಅಂಗಡಿ ಕಲ್ಪಿಸಿಕೊಂಡರೆ ಸಾಕು.

ನೀವು ನಿಮ್ಮ ಸ್ವಂತ ದುಡ್ಡು 20,000 ರೂಪಾಯಿ ಹಾಕಿ ಅಂಗಡಿ ಶುರು ಮಾಡಿದ್ರಿ. ಸ್ನೇಹಿತನ ಹತ್ತಿರ 10,000 ಸಾಲ ತಗೊಂಡ್ರಿ. 6,000 ಕೊಟ್ಟು ಮಿಕ್ಸರ್ ತಂದ್ರಿ. ಮೊದಲ ದಿನ 3,000 ರೂಪಾಯಿ ವ್ಯಾಪಾರ ಆಯ್ತು. ಎಲ್ಲವೂ ನಗದು. ಹಣ್ಣಿನ ಖರ್ಚು ಸದ್ಯಕ್ಕೆ ಪಕ್ಕಕ್ಕಿಡೋಣ.

ಈಗ ಗಲ್ಲಾಪೆಟ್ಟಿಗೆಯಲ್ಲಿ 27,000 ಇದೆ. ಆದರೆ ಅದರಲ್ಲಿ ದುಡಿದದ್ದು ಎಷ್ಟು, ವಾಪಸ್ ಕೊಡಬೇಕಾದದ್ದು ಎಷ್ಟು? ಬರೀ ನಗದಿನ ಲೆಕ್ಕ ಇಟ್ಟರೆ ಇದು ಗೊತ್ತಾಗಲ್ಲ. ಸಾಲದ 10,000 ಮತ್ತು ವ್ಯಾಪಾರದ 3,000 ಎರಡೂ ‘ದುಡ್ಡು ಬಂತು’ ಅಂತಲೇ ಕಾಣುತ್ತವೆ.

ಅದಕ್ಕೇ ಪ್ರತಿ ವ್ಯವಹಾರಕ್ಕೂ ನಾನು ಎರಡು ಪ್ರಶ್ನೆ ಕೇಳ್ತೀನಿ: ಮೌಲ್ಯ ಎಲ್ಲಿಗೆ ಹೋಯ್ತು? ಎಲ್ಲಿಂದ ಬಂತು? ಹೋದ ಕಡೆಯ ಖಾತೆಯಲ್ಲಿ ಎಡಕ್ಕೆ ಬರೆಯೋದು ಡೆಬಿಟ್. ಬಂದ ಕಡೆಯ ಖಾತೆಯಲ್ಲಿ ಬಲಕ್ಕೆ ಬರೆಯೋದು ಕ್ರೆಡಿಟ್. ಡೆಬಿಟ್ ಅಂದ್ರೆ ಕಳೆಯೋದು ಅಂತಲ್ಲ, ಅದು ಎಡಗಡೆ ಅಷ್ಟೇ.

ನಮ್ಮ ಅಂಗಡಿಗೆ ಹಾಕಿ ನೋಡೋಣ. ಸ್ವಂತ ದುಡ್ಡು ಬಂದಾಗ ನಗದು ಖಾತೆಗೆ 20,000 ಡೆಬಿಟ್, ಬಂಡವಾಳ ಖಾತೆಗೆ ಅಷ್ಟೇ ಕ್ರೆಡಿಟ್. ಸಾಲಕ್ಕೆ ನಗದು ಡೆಬಿಟ್, ಸಾಲದ ಖಾತೆ ಕ್ರೆಡಿಟ್. ಮಿಕ್ಸರ್ ತಂದಾಗ ಮಿಕ್ಸರ್ ಖಾತೆ ಡೆಬಿಟ್, ನಗದು ಕ್ರೆಡಿಟ್. ಇಲ್ಲಿ ದುಡ್ಡು ಕಳೆದುಹೋಗಿಲ್ಲ, ಮಿಕ್ಸರ್ ಆಗಿ ರೂಪ ಬದಲಿಸಿದೆ. ವ್ಯಾಪಾರಕ್ಕೆ ನಗದು ಡೆಬಿಟ್, ಮಾರಾಟ ಖಾತೆ ಕ್ರೆಡಿಟ್.

ದಿನದ ಕೊನೆಗೆ ಉಳಿಕೆಗಳನ್ನು ಕೂಡಿಸಿ. ಎಡಗಡೆ ನಗದು 27,000, ಮಿಕ್ಸರ್ 6,000, ಒಟ್ಟು 33,000. ಬಲಗಡೆ ಬಂಡವಾಳ 20,000, ಸಾಲ 10,000, ಮಾರಾಟ 3,000, ಅದೂ 33,000. ಪ್ರತಿ ಮೊತ್ತವನ್ನೂ ಎರಡೂ ಕಡೆ ಬರೆದಿದ್ದೀವಲ್ಲ, ಸಮ ಬರಲೇಬೇಕು. ಈ ಪಟ್ಟಿಗೆ ಟ್ರಯಲ್ ಬ್ಯಾಲೆನ್ಸ್ ಅಂತಾರೆ. ಮಿಕ್ಸರ್‌ಗೆ 6,000 ಬರೆದು ನಗದಿನಲ್ಲಿ 600 ಮಾತ್ರ ಕಳೆದಿದ್ದರೆ, 5,400 ವ್ಯತ್ಯಾಸ ಬಂದು ತಪ್ಪು ಸಿಕ್ಕಿಬೀಳುತ್ತೆ.

ಆದರೆ ಎರಡೂ ಕಡೆ ಸಮ ಬಂತು ಅಂದಾಕ್ಷಣ ಲೆಕ್ಕ ಸರಿ ಅಂತ ನಂಬಬೇಡಿ. ಸಾಲದ 10,000ವನ್ನು ಮಾರಾಟ ಖಾತೆಗೆ ಬರೆದುಬಿಟ್ಟರೂ ಒಟ್ಟು 33,000 ಆಗಿಯೇ ಇರುತ್ತೆ! ಆಗ 13,000 ವ್ಯಾಪಾರ ಆಯ್ತು ಅಂತ ಖುಷಿಯಿಂದ ಖರ್ಚು ಮಾಡ್ತೀರಿ, ಸ್ನೇಹಿತ ದುಡ್ಡು ಕೇಳಿದಾಗ ಕೈ ಖಾಲಿ. ಇದನ್ನು ಹಿಡಿಯೋಕೆ ಮಾರಾಟ ಖಾತೆಯನ್ನು ಬಿಲ್ ಪುಸ್ತಕದ ಜೊತೆ ಹೋಲಿಸಿ. ಬಿಲ್‌ಗಳು ಬರೀ 3,000ಕ್ಕೆ ಇದ್ದರೆ, ಉಳಿದ ಹತ್ತು ಸಾವಿರ ನಿಮ್ಮ ದುಡಿಮೆಯಲ್ಲ.

ದುಡ್ಡು ಎಷ್ಟಿದೆ ಅಂತ ಮೊದಲ ಖಾತೆ ಹೇಳುತ್ತೆ. ಅದು ಯಾರದ್ದು, ಯಾಕೆ ಬಂತು ಅಂತ ಹೇಳೋದು ಎರಡನೇ ಖಾತೆ.