ಕೀ ಕೊಡುವ ಮುನ್ನ ಮೂರು ನಿಮಿಷ

ಮೈಸೂರಿನ ಬಸ್ ಸ್ಟ್ಯಾಂಡ್ ಸುತ್ತಮುತ್ತಲಿನ ಸಾಧಾರಣ ಲಾಡ್ಜ್‌ಗಳಿಗೆ ಭಾನುವಾರ ಮಧ್ಯಾಹ್ನವೇ ಕಷ್ಟದ ಹೊತ್ತು. ಶನಿವಾರ ಬಂದು ಉಳಿದವರು ರೂಮು ಖಾಲಿ ಮಾಡುತ್ತಿರುತ್ತಾರೆ, ಸಂಜೆ ಅರಮನೆಯ ದೀಪ ನೋಡಲು ಬಂದವರು ಬ್ಯಾಗು ಹಿಡಿದು ಕೌಂಟರಿನ ಮುಂದೆ ನಿಂತಿರುತ್ತಾರೆ. ನಡುವೆ ಸಿಗುವ ಒಂದೆರಡು ಗಂಟೆಯಲ್ಲಿ ರೂಮುಗಳು ಹೊಸಬರಿಗೆ ಸಿದ್ಧವಾಗಬೇಕು. ಕೆಲಸಕ್ಕಿರುವುದು ಇಬ್ಬರು, ಕೌಂಟರಿನಲ್ಲಿ ಒಬ್ಬರು.

18 ರೂಮಿನ ಒಂದು ಲಾಡ್ಜ್ ಅಂದುಕೊಳ್ಳಿ. ಇವತ್ತು 11 ರೂಮು ಖಾಲಿಯಾಗುತ್ತವೆ, 4 ರೂಮಿನವರು ಇನ್ನೊಂದು ದಿನ ಉಳಿಯುತ್ತಾರೆ, 3 ನಿನ್ನೆಯಿಂದಲೇ ಖಾಲಿ ಇವೆ. ಖಾಲಿಯಾದ ರೂಮೊಂದನ್ನು ಒಬ್ಬರೇ ಸರಿಯಾಗಿ ಸ್ವಚ್ಛ ಮಾಡಲು ಸುಮಾರು 35 ನಿಮಿಷ ಬೇಕು, ಜನ ಇರುವ ರೂಮಿಗೆ 15 ನಿಮಿಷ. ಒಟ್ಟು 445 ನಿಮಿಷದ ಕೆಲಸ. ಇಬ್ಬರು ಹಂಚಿಕೊಂಡರೂ ಮೂರೂಮುಕ್ಕಾಲು ಗಂಟೆ. 12 ಗಂಟೆಗೆ ಚೆಕ್ ಔಟ್ ಮುಗಿಯಲಿ, ಆಮೇಲೆ ಒಟ್ಟಿಗೆ ಶುರು ಮಾಡೋಣ ಎಂದು ಕೂತರೆ ಕೊನೆಯ ರೂಮು ಕೈಗೆ ಸಿಗುವಾಗ ಪೌನೆ ನಾಲ್ಕು. ಅಲ್ಲಿಯವರೆಗೆ ಕಾಯುವ ಗಿರಾಕಿ ಎದುರಿನ ಲಾಡ್ಜಿಗೆ ಹೋಗಿರುತ್ತಾನೆ.

ಆದರೆ ಬೆಳಿಗ್ಗೆಯೇ ಹೊರಡುವವರು ಇದ್ದೇ ಇರುತ್ತಾರೆ. 9 ಗಂಟೆಯೊಳಗೆ 5 ರೂಮು ಖಾಲಿಯಾದರೆ ಆಗಲೇ ಕೈಹಚ್ಚಬೇಕು. ಹತ್ತೂವರೆಗೆ ಅವು ಮುಗಿಯುತ್ತವೆ. ನಂತರ ಅರ್ಧ ಗಂಟೆಯಲ್ಲಿ ಜನ ಇರುವ 4 ರೂಮು. 12ರ ಹೊತ್ತಿಗೆ ಉಳಿಯುವುದು 6 ಮಾತ್ರ, ಅವು ಪೌನೆ ಎರಡರೊಳಗೆ ಮುಗಿಯುತ್ತವೆ. ಅಷ್ಟರಲ್ಲಿ ಬಂದವರಿಗೆ ಮೊದಲು ಸಿದ್ಧವಾದ ರೂಮುಗಳನ್ನು ಕೊಡಬಹುದು. ಇದು ನಡೆಯಬೇಕಾದರೆ ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂದು ಕೌಂಟರಿನವರು ಹಿಂದಿನ ರಾತ್ರಿಯೇ ಕೇಳಿ ಬರೆದಿಟ್ಟಿರಬೇಕು. ಬೆಳಗಿನ ಚೀಟಿಯಲ್ಲಿ ಮೊದಲು ಬೇಕಾದ ವಿವರ ಇದೇ.

ರೂಮಿನೊಳಗಿನ ಕ್ರಮಕ್ಕೂ ಹೀಗೇ ಕಾರಣವಿದೆ. ಒಳಗೆ ಬಂದವರು ಮೊದಲು ಕಿಟಕಿ ತೆಗೆದು ಫ್ಯಾನ್ ಹಾಕಬೇಕು. ಗಿರಾಕಿ ಬಿಟ್ಟುಹೋದ ಚಾರ್ಜರ್, ಕನ್ನಡಕ, ಬಾಗಿಲ ಹಿಂದೆ ನೇತುಹಾಕಿದ ಬಟ್ಟೆ ಇದ್ದರೆ ಆಗಲೇ ಕೌಂಟರಿಗೆ ತಿಳಿಸಬೇಕು, ಅವರಿನ್ನೂ ಆಟೋ ಹತ್ತಿರಲಿಕ್ಕಿಲ್ಲ. ಆಮೇಲೆ ಹಾಸಿಗೆಯ ಬಟ್ಟೆ ಎಳೆದು, ಕಸ ತೆಗೆದು, ನೇರವಾಗಿ ಬಾತ್‌ರೂಮಿಗೆ ಹೋಗಿ ಕಮೋಡಿನ ಒಳಗೆ ಕ್ಲೀನರ್ ಸುರಿದು ಹೊರಬರಬೇಕು. ಉಜ್ಜುವುದು ಈಗಲ್ಲ. ಹತ್ತು ನಿಮಿಷ ನೆನೆದರೆ ಕಲೆ ತಾನಾಗಿ ಸಡಿಲಗೊಳ್ಳುತ್ತದೆ. ಸುರಿದ ಕೂಡಲೇ ಉಜ್ಜಿದರೆ ಶ್ರಮವೂ ಹೆಚ್ಚು, ಕ್ಲೀನರೂ ದಂಡ. ಆ ಹತ್ತು ನಿಮಿಷದಲ್ಲಿ ಧೂಳು ಒರೆಸಿ, ಕೈ ತೊಳೆದು, ಹಾಸಿಗೆ ಹಾಸಿ ಮುಗಿಸಬಹುದು. ನಂತರ ಬಾತ್‌ರೂಮು. ಎಲ್ಲಕ್ಕಿಂತ ಕೊನೆಗೆ ನೆಲ, ದೂರದ ಮೂಲೆಯಿಂದ ಬಾಗಿಲಿನ ಕಡೆಗೆ ಒರೆಸುತ್ತಾ ಹೊರಬರುವುದು. ಒರೆಸಿದ ನೆಲದ ಮೇಲೆ ಮತ್ತೆ ಕಾಲಿಡಬೇಕಾಗಿ ಬಂದರೆ ಕ್ರಮ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಎರಡು ವಿಷಯದಲ್ಲಿ ರಾಜಿ ಬೇಡ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚಿಂಗ್ ಪೌಡರ್ ಎಂದೂ ಬೆರೆಸಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಗಾಳಿಯಾಡದ ಪುಟ್ಟ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ಎರಡನೆಯದು ಒರೆಸುವ ಬಟ್ಟೆ. ಕಮೋಡಿಗೆ ಒಂದು ಬಣ್ಣ, ವಾಶ್‌ಬೇಸಿನ್ನಿಗೆ ಇನ್ನೊಂದು, ಮೇಜಿಗೆ ಮತ್ತೊಂದು. ಕುಡಿಯುವ ಲೋಟಗಳನ್ನು ರೂಮಿನ ಬಾತ್‌ರೂಮಿನಲ್ಲಿ ತೊಳೆಯಲೇಬಾರದು. ತೊಳೆದ ಲೋಟಗಳನ್ನು ತಂದಿಟ್ಟು, ಬಳಸಿದವನ್ನು ಕೆಳಗೆ ಒಯ್ಯಬೇಕು. ಗಡಿಬಿಡಿಯಲ್ಲಿ ಮೊದಲು ಮುರಿಯುವ ನಿಯಮ ಇದೇ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಇನ್ನು ತಪಾಸಣೆ. ದೊಡ್ಡ ಹೋಟೆಲಿನಲ್ಲಿ ಇದಕ್ಕೆಂದೇ ಸೂಪರ್‌ವೈಸರ್ ಇರುತ್ತಾರೆ. ಇಲ್ಲಿ ಆ ಕೆಲಸ ಕೀ ಕೊಡುವವರದೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವಚ್ಛ ಮಾಡಿದವರ ಕಣ್ಣು ಅದೇ ರೂಮಿಗೆ ಒಗ್ಗಿಹೋಗಿರುತ್ತದೆ, ತಾವು ಬಿಟ್ಟದ್ದು ತಮಗೇ ಕಾಣುವುದಿಲ್ಲ. ಅಲ್ಲದೆ ಗಿರಾಕಿಯ ಬೈಗುಳ ಮೊದಲು ತಲುಪುವುದು ಕೌಂಟರಿಗೆ. ಮೂರು ನಿಮಿಷ ಸಾಕು, ಆದರೆ ದಾರಿ ಒಂದೇ ಇರಬೇಕು: ಬಾಗಿಲಿನಿಂದ ಎಡಕ್ಕೆ ತಿರುಗಿ, ಗೋಡೆಗುಂಟ ಸುತ್ತಿ, ಬಾತ್‌ರೂಮು ನೋಡಿ ಮತ್ತೆ ಬಾಗಿಲಿಗೆ. ಮನಸ್ಸಿಗೆ ಬಂದಲ್ಲಿ ಇಣುಕಿದರೆ ದಿನವೂ ಅದೇ ಮೂಲೆ ಕಣ್ತಪ್ಪುತ್ತದೆ.

ಮೊಬೈಲಿನ ಟಾರ್ಚನ್ನು ಹಾಸಿಗೆಯ ಮಟ್ಟಕ್ಕೆ ಅಡ್ಡ ಹಿಡಿದು ನೋಡಿ. ಮೇಲಿನ ಬೆಳಕಿನಲ್ಲಿ ಕಾಣದ ಒಂದು ಕೂದಲು ನೆರಳು ಬಿಟ್ಟು ಎದ್ದು ಕಾಣುತ್ತದೆ. ಶೀಟು ಬದಲಾಗಿದೆಯೋ, ಇದ್ದದ್ದನ್ನೇ ಎಳೆದು ನೆರಿಗೆ ಸರಿಮಾಡಿದ್ದಾರೋ ತಿಳಿಯಲು ದಿಂಬಿನ ಕವರ್ ನೋಡಿದರೆ ಸಾಕು: ಇಸ್ತ್ರಿಯ ಮಡಿಕೆ ಗೆರೆ ಇರಬೇಕು, ತಲೆ ಎಣ್ಣೆಯ ವಾಸನೆ ಇರಬಾರದು. ಹೀಗೆ ಹಳೆಯ ಶೀಟು ಹಾಸುವುದಕ್ಕೆ ಹೆಚ್ಚಿನ ಸಲ ಕಾರಣ ಸೋಮಾರಿತನವಲ್ಲ, ಕಪಾಟಿನಲ್ಲಿ ಶೀಟೇ ಇರುವುದಿಲ್ಲ. ಒಂದು ಹಾಸಿಗೆಗೆ ಕನಿಷ್ಠ ಮೂರು ಜೊತೆ ಬೇಕು, ಒಂದು ಹಾಸಿದ್ದು, ಒಂದು ಧೋಬಿಯ ಹತ್ತಿರ, ಒಂದು ಕಪಾಟಿನಲ್ಲಿ. ಧೋಬಿ ಎರಡು ದಿನಕ್ಕೊಮ್ಮೆ ಬರುವುದಾದರೆ ನಾಲ್ಕು. ಮಾಲೀಕರು ಇಲ್ಲಿ ಉಳಿಸುವ ಹಣದ ದೂರು ಕೆಲಸದವರ ತಲೆಗೆ ಬರುವುದು ನನಗೆ ಸಹಿಸಲಾಗದ ಅನ್ಯಾಯ.

ಹಾಸಿಗೆಯ ಒಂದು ಮೂಲೆ ಎತ್ತಿ ಹೊಲಿಗೆಯ ಅಂಚು ನೋಡಬೇಕು. ಮಸಿಚುಕ್ಕೆಯಂಥ ಕಲೆಗಳು, ಒಣಗಿದ ಪೊರೆ ಕಂಡರೆ ತಿಗಣೆ. ಆ ರೂಮಿನ ಕೀ ಅಲ್ಲೇ ನಿಲ್ಲಬೇಕು, ಹಾಸಿಗೆಯನ್ನು ಪಕ್ಕದ ರೂಮಿಗೆ ಸಾಗಿಸಲೂಬಾರದು. ಸಾಗಿಸಿದರೆ ಎರಡು ರೂಮು ಹೋದಂತೆ. ಬಾತ್‌ರೂಮಿನಲ್ಲಿ ಫ್ಲಶ್ ಒತ್ತಿ, ಗೀಸರ್ ಹಾಕಿ, ಬಿಸಿನೀರು ಕೈಗೆ ತಾಗುವವರೆಗೆ ಇರಬೇಕು. ಕೊನೆಗೆ ಬಾಗಿಲಿನ ಚಿಲಕವನ್ನು ಒಳಗಿನಿಂದ ಒಮ್ಮೆ ಹಾಕಿ ತೆಗೆಯಬೇಕು.

ಚೀಟಿಯಲ್ಲಿ ಇಪ್ಪತ್ತು ಅಂಶ ಮುದ್ರಿಸಿ ಟಿಕ್ ಹಾಕಲು ಹೇಳಿದರೆ ಸಂಜೆ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಎಲ್ಲ ರೂಮಿಗೂ ಟಿಕ್ ಬಿದ್ದಿರುತ್ತದೆ. ಅದರ ಬದಲು ರೂಮಿಗೆ ಒಂದು ಸಾಲು ಸಾಕು: ಮುಗಿದ ಸಮಯ, ಮಾಡಿದವರ ಹೆಸರು, ಕಂಡ ದೋಷ. ‘206, ಹನ್ನೆರಡೂ ನಲವತ್ತು, ನಲ್ಲಿ ಸೋರುತ್ತಿದೆ’ ಎಂದು ಬರೆಯಲು ಆ ರೂಮಿಗೆ ಹೋಗಿಯೇ ಇರಬೇಕು. ವಾರವಿಡೀ ದೋಷದ ಜಾಗ ಖಾಲಿಯಿದ್ದರೆ ಲಾಡ್ಜು ಚೆನ್ನಾಗಿದೆ ಎಂದಲ್ಲ, ಯಾರೂ ನೋಡುತ್ತಿಲ್ಲ ಎಂದು ತಿಳಿಯಬೇಕು.

ಫ್ಯಾನಿನ ರೆಕ್ಕೆ, ಕರ್ಟನ್, ಮಂಚದ ಕೆಳಗಿನ ಧೂಳು ಇವೆಲ್ಲ 35 ನಿಮಿಷದಲ್ಲಿ ಹಿಡಿಯುವ ಕೆಲಸವಲ್ಲ. ಬಿಡುವಿರುವ ದಿನಗಳಲ್ಲಿ ದಿನಕ್ಕೊಂದು ರೂಮಿನಂತೆ ಹಿಡಿದರೆ 18 ರೂಮಿನ ಸರದಿ ತಿಂಗಳೊಳಗೆ ಸುತ್ತುತ್ತದೆ.

ಉಳಿದದ್ದು ನಿನ್ನೆಯಿಂದ ಖಾಲಿಯಿರುವ ಆ 3 ರೂಮು. ಸಿದ್ಧ ಎಂದು ಬರೆದಿದೆ, ಹಾಗಾಗಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಹಲವು ದಿನ ನೀರು ಬೀಳದಿದ್ದರೆ ಬಾತ್‌ರೂಮಿನ ಜಾಲರಿಯ ಕೆಳಗೆ ನಿಂತಿರುವ ನೀರು ಆರಿಹೋಗುತ್ತದೆ. ಒಳಚರಂಡಿಯ ವಾಸನೆಯನ್ನು ತಡೆಯುವುದೇ ಆ ನೀರು. ಎಷ್ಟು ಫಿನಾಯಿಲ್ ಹಾಕಿ ಒರೆಸಿದರೂ ವಾಸನೆ ಹೋಗಲಿಲ್ಲ ಎಂದು ಗೋಳಾಡುವ ರೂಮುಗಳಲ್ಲಿ ಮೊದಲು ಇದನ್ನು ನೋಡಬೇಕು. ಖಾಲಿ ರೂಮಿನ ಜಾಲರಿಗೆ ಎರಡು ದಿನಕ್ಕೊಮ್ಮೆ ಎರಡು ಮಗ್ ನೀರು ಸುರಿದು, ಕಮೋಡಿನ ಫ್ಲಶ್ ಒಮ್ಮೆ ಒತ್ತಿ, ಕಿಟಕಿಯನ್ನು ಒಂದು ಗಂಟೆ ತೆರೆದಿಟ್ಟರೆ ಆಯಿತು.