ಗುಡಿಯ ಮುಂದಿನ ಜನರನ್ನು ಅಳಿಸುವಾಗ

ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿ ಪಂಚಲಿಂಗೇಶ್ವರ ಗುಡಿಯ ಫೋಟೊ ತೆಗೆದಿದ್ದೀರಿ ಎಂದುಕೊಳ್ಳಿ. ಶಿಖರಗಳ ಸಾಲು ಚೆನ್ನಾಗಿಯೇ ಬಂದಿದೆ. ಆದರೆ ಒಬ್ಬರು ಹುಲ್ಲಿನಲ್ಲಿ ನಿಂತಿದ್ದಾರೆ, ಇನ್ನೊಬ್ಬರು ಗುಡಿಯ ಜಗತಿಗೆ ಒರಗಿ ಮೊಬೈಲ್ ನೋಡುತ್ತಿದ್ದಾರೆ. ಫೋಟೊಶಾಪ್‌ನಲ್ಲಿ ಅವರ ಸುತ್ತ ಗೆರೆ ಎಳೆದು ಕಂಟೆಂಟ್-ಅವೇರ್ ಫಿಲ್ ಒತ್ತಿದರೆ ಇಬ್ಬರೂ ಮಾಯ. ಅಷ್ಟಾದರೂ ಹುಲ್ಲನ್ನು ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಅದೇ ಒಣಗಿದ ಹುಲ್ಲಿನ ಗುಚ್ಛ ಪಕ್ಕದಲ್ಲೇ ಮತ್ತೊಮ್ಮೆ ಬಂದು ಕೂತಿರುತ್ತದೆ.

ಇದನ್ನು ಯಂತ್ರದ ದೋಷವೆನ್ನುವಂತಿಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಈ ಸೌಲಭ್ಯ ಫೋಟೊಶಾಪ್‌ಗೆ ಬಂದದ್ದು 2010ರಲ್ಲಿ. ಅದರ ಹಿಂದಿನ ವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಅಡೋಬಿಯ ಸಂಶೋಧಕರು ‘ಪ್ಯಾಚ್‌ಮ್ಯಾಚ್’ ಎಂಬ ವಿಧಾನ ಪ್ರಕಟಿಸಿದ್ದರು. ಅಳಿಸಿದ ಜಾಗದ ಪ್ರತಿಯೊಂದು ಪುಟ್ಟ ಚೌಕಕ್ಕೂ, ಏಳು ಪಿಕ್ಸೆಲ್ ಅಗಲ ಏಳು ಪಿಕ್ಸೆಲ್ ಎತ್ತರ ಎನ್ನೋಣ, ಚಿತ್ರದ ಬೇರೆಡೆಯಿಂದ ಒಂದು ಜೋಡಿಯನ್ನು ಅದು ಕಣ್ಣುಮುಚ್ಚಿ ಆರಿಸುತ್ತದೆ. ಹೆಚ್ಚಿನವು ತಪ್ಪು. ಲಕ್ಷಾಂತರ ಊಹೆಗಳಲ್ಲಿ ಕೆಲವಾದರೂ ಸರಿಹೊಂದುತ್ತವೆ. ಹಾಗೆ ಹೊಂದಿದ ಚೌಕ ನೆರೆಯ ಚೌಕಕ್ಕೆ ದಾರಿ ತೋರುತ್ತದೆ: ನನ್ನದು ಅಲ್ಲಿಂದ ಬಂತು, ನಿನ್ನದು ಅದರ ಪಕ್ಕದಲ್ಲೇ ಇರಬೇಕು, ನೋಡು. ಕೆಲವೇ ಸುತ್ತುಗಳಲ್ಲಿ ರಂಧ್ರ ತುಂಬುತ್ತದೆ. ಹೀಗೆ ನೆರೆಯವರ ಮಾತು ಕೇಳಿ ಸಾಗುವುದರಿಂದಲೇ ಕೆಲಸ ಬೇಗ ಮುಗಿಯುತ್ತದೆ, ಅದರಿಂದಲೇ ಒಂದು ಇಡೀ ತುಣುಕು ಹಾಗೆಹಾಗೇ ನಕಲಾಗಿಯೂ ಬರುತ್ತದೆ.

ಆ ನಕಲನ್ನು ಕಣ್ಣು ಹೇಗೆ ಹಿಡಿಯುತ್ತದೆ? 1969ರಲ್ಲಿ ಲಿಯಾನ್ ಗ್ಲಾಸ್ ಎಂಬ ವಿಜ್ಞಾನಿ ಒಂದು ಸರಳ ಸಂಗತಿ ತೋರಿಸಿದರು. ಚುಕ್ಕೆಗಳನ್ನು ಅಡ್ಡಾದಿಡ್ಡಿ ಚೆಲ್ಲಿದ ಹಾಳೆಯ ಮೇಲೆ ಅದರದೇ ಪಾರದರ್ಶಕ ಪ್ರತಿಯನ್ನಿಟ್ಟು ತುಸು ತಿರುಗಿಸಿದರೆ, ಕ್ರಮವೇ ಇಲ್ಲದ ಚುಕ್ಕೆಗಳಲ್ಲಿ ಒಂದರೊಳಗೊಂದು ವೃತ್ತಗಳು ಎದ್ದು ಕಾಣುತ್ತವೆ. ಜೋಡಿಗಳ ನಡುವಿನ ದೂರ ಹೆಚ್ಚಿಸಿದರೆ ಆ ವಿನ್ಯಾಸ ಮರೆಯಾಗುತ್ತದೆ. ಹುಲ್ಲಿನ ವಿಷಯಕ್ಕೆ ಇದರಿಂದ ಎರಡು ಪಾಠ ಸಿಗುತ್ತವೆ: ಮೂಲವನ್ನು ತೀರ ಪಕ್ಕದಿಂದ ತೆಗೆಯಬಾರದು, ಒಂದೇ ದಿಕ್ಕು ಒಂದೇ ದೂರದಿಂದ ಮತ್ತೆ ಮತ್ತೆ ತೆಗೆಯಬಾರದು.

ಈಗ ಹುಲ್ಲಿನಲ್ಲಿ ನಿಂತವರನ್ನು ತೆಗೆಯೋಣ. ಇಬ್ಬರನ್ನೂ ಒಟ್ಟಿಗೆ ಆಯ್ದುಕೊಳ್ಳಬೇಡಿ. ಕಂಟೆಂಟ್-ಅವೇರ್ ಫಿಲ್ ಕಿಟಕಿಯಲ್ಲಿ ಹಸಿರು ಬಣ್ಣ ಹರಡಿರುವುದೆಲ್ಲ ನಕಲಿಗೆ ಸಿಗುವ ಜಾಗ. ಅದರಿಂದ ಆಕಾಶ, ಕಂಬಗಳು, ಎರಡನೆಯ ವ್ಯಕ್ತಿ ಎಲ್ಲವನ್ನೂ ಬ್ರಷ್‌ನಿಂದ ಒರೆಸಿಬಿಡಿ. ಇಲ್ಲವಾದರೆ ಹುಲ್ಲಿನ ನಡುವೆ ಒಂದು ಮೊಣಕೈ ಮೊಳೆಯಬಹುದು. ಕ್ಯಾಮೆರಾದಿಂದ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುವ ಹುಲ್ಲನ್ನು ಮಾತ್ರ ಉಳಿಸಿ. ಹತ್ತಿರದ ಹುಲ್ಲಿನ ಎಸಳು ದೊಡ್ಡದು, ದೂರದ್ದು ಸಣ್ಣದು. ನೆರಳನ್ನೂ ಆಯ್ಕೆಯೊಳಗೆ ಸೇರಿಸಲು ಮರೆಯಬೇಡಿ. ಫಲಿತಾಂಶವನ್ನು ಹೊಸ ಲೇಯರ್‌ಗೆ ಇಳಿಸಿ.

ಅನಂತರ ಕ್ಲೋನ್ ಸ್ಟ್ಯಾಂಪ್. ಇಡೀ ಹುಲ್ಲನ್ನು ತಿದ್ದುತ್ತ ಕೂರಬೇಕಾಗಿಲ್ಲ, ತಿದ್ದಿದಷ್ಟೂ ಅದು ಮಸುಕಾಗಿ ಕಂಬಳಿಯಂತಾಗುತ್ತದೆ. ಕಣ್ಣು ಜೋಡಿ ಹುಡುಕುವುದು ಎದ್ದು ಕಾಣುವ ಗುರುತುಗಳಿಂದ: ಬಿಳಿ ಕಲ್ಲು, ಒಣಗುಚ್ಛ, ಕಪ್ಪು ಗುಂಡಿ. ಎರಡು ಸಲ ಬಂದಿರುವ ಅಂಥ ಗುರುತುಗಳಲ್ಲಿ ಒಂದನ್ನು ಮುಚ್ಚಿದರೆ ಸಾಕು. ಒಂದೆರಡು ಗೀರಿಗೊಮ್ಮೆ Alt ಒತ್ತಿ ಬೇರೆ ಕಡೆಯಿಂದ ಮೂಲ ಆರಿಸಿ. Aligned ಗುರುತು ತೆಗೆದಿದ್ದರೆ ಪ್ರತಿ ಗೀರೂ ಅದೇ ಬಿಂದುವಿನಿಂದ ಶುರುವಾಗುತ್ತದೆ, ಅಂದರೆ ಅದೇ ಗುಚ್ಛ ಠಸ್ಸೆಯಂತೆ ಮೇಲಿಂದ ಮೇಲೆ ಬೀಳುತ್ತದೆ.

ಜಗತಿಯ ಕಥೆ ಬೇರೆ. ಅಲ್ಲಿ ಅಡ್ಡ ಪಟ್ಟಿಕೆಗಳು ತುಂಡಾಗದೆ ಮುಂದುವರಿಯಬೇಕು. Aligned ಹಾಕಿಕೊಂಡು ಅದೇ ಪಟ್ಟಿಕೆಯ ಮೇಲೆ, ಅದರ ಅಂಚಿಗೆ ಅಂಚು ಕೂಡಿಸಿ ಎಳೆಯಿರಿ. ಓರೆಯಾಗಿ ತೆಗೆದ ಚಿತ್ರದಲ್ಲಿ ಪಟ್ಟಿಕೆ ದೂರಕ್ಕೆ ಸಾಗುತ್ತ ಕಿರಿದಾಗುತ್ತದೆ, ಹಾಗಾಗಿ Clone Source ಫಲಕದಲ್ಲಿ ಅಳತೆಯನ್ನು ತುಸು ಇಳಿಸಬೇಕಾದೀತು. ಅದೇ ಫಲಕದಲ್ಲಿ ಎಡಬಲ ತಿರುಗಿಸುವ ಗುಂಡಿಯೂ ಇದೆ. ಹುಲ್ಲಿಗೆ ಮೋಡದ ದಿನ ಅದು ನಡೆದೀತು, ಬಿಸಿಲು ಬಿದ್ದ ಕಲ್ಲಿಗೆ ನಡೆಯದು: ಬೆಳಕು ಎಡದಿಂದ ಬಿದ್ದಿದ್ದರೆ ನಕಲು ಮಾಡಿದ ಕಲ್ಲಿಗೆ ಮಾತ್ರ ಬಲದಿಂದ ಬಿದ್ದಂತೆ ಕಾಣುತ್ತದೆ.

ಮುಗಿದ ಮೇಲೆ ಚಿತ್ರವನ್ನು ಕಾಲುಭಾಗಕ್ಕೆ ಕುಗ್ಗಿಸಿ ನೋಡಿ. ಮೇಲೊಂದು Curves ಲೇಯರ್ ಹಾಕಿ ಕಾಂಟ್ರಾಸ್ಟ್ ವಿಪರೀತ ಏರಿಸಿ. ಅಡಗಿದ್ದ ಜೋಡಿಗಳು ಹೊರಬೀಳುತ್ತವೆ. 2006ರಲ್ಲಿ ರಾಯಿಟರ್ಸ್ ಸಂಸ್ಥೆ ಬೈರೂತ್‌ನ ಒಂದು ಚಿತ್ರವನ್ನು ಹಿಂತೆಗೆದುಕೊಂಡಿತು. ಅದನ್ನು ತಿದ್ದಲಾಗಿದೆ ಎಂಬುದನ್ನು ಬಯಲುಮಾಡಿದ್ದು ಅದರಲ್ಲಿನ ಹೊಗೆಯಲ್ಲಿ ಮರುಕಳಿಸಿದ ಉಬ್ಬುಗಳು. ಅವನ್ನು ಹಿಡಿದದ್ದು ಬ್ಲಾಗ್ ಬರೆಯುವವರ ಕಣ್ಣು.

ಹೂಲಿಯಲ್ಲಿ ಶಾಸನಗಳೂ ಇವೆ, ಕೆತ್ತನೆಯೂ ಇದೆ. ಹುಲ್ಲಿನ ಜಾಗದಲ್ಲಿ ಹುಲ್ಲು ತುಂಬಿದರೆ ಯಾರಿಗೂ ನಷ್ಟವಿಲ್ಲ. ಅಕ್ಷರದ ಜಾಗದಲ್ಲಿ ಯಂತ್ರ ತುಂಬುವುದು ಅಕ್ಷರದಂತೆ ಕಾಣುವ ಗೀರುಗಳನ್ನು ಮಾತ್ರ. ಶಿಲ್ಪಿ ಅಲ್ಲಿ ಏನು ಕಡೆದಿದ್ದ ಎಂಬುದು ಅದಕ್ಕೆ ಗೊತ್ತಿಲ್ಲ. ಶಾಸನಕ್ಕೋ ಮೂರ್ತಿಗೋ ಯಾರಾದರೂ ಅಡ್ಡ ನಿಂತಿದ್ದರೆ ಅವರು ಸರಿಯುವವರೆಗೆ ಕಾಯಿರಿ, ಇಲ್ಲವೇ ಅವರನ್ನು ಚಿತ್ರದಲ್ಲಿ ಹಾಗೇ ಬಿಡಿ.